ವಾರಕ್ಕೆ ಎಷ್ಟು ಸಲ ಎಂಬ ಜಗಳದ ಒಳಗೆ

ಗಂಡನಿಗೆ ಮಿಲನ ಬೇಕು, ಹೆಂಡತಿಗೆ ಬೇಡ. ಕೆಲವು ಮನೆಗಳಲ್ಲಿ ಇದು ತಿರುಗಾಮುರುಗಾ. ಮದುವೆಯಾಗಿ ನಾಲ್ಕೈದು ವರ್ಷ ಕಳೆದ ಜೋಡಿಗಳಲ್ಲಿ ಇಬ್ಬರ ಆಸೆಯೂ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ ಹುಟ್ಟುವುದು ಅಪರೂಪ. ಹಾಗಾಗಿ ಆಸೆಯಲ್ಲಿ ವ್ಯತ್ಯಾಸ ಇರುವುದನ್ನೇ ರೋಗ ಎನ್ನಲು ಬರುವುದಿಲ್ಲ. ಆ ವ್ಯತ್ಯಾಸದ ಸುತ್ತ ಕೇಳುವ ಮತ್ತು ನಿರಾಕರಿಸುವ ಒಂದು ಕೆಟ್ಟ ಅಭ್ಯಾಸ ಬೆಳೆದುಬಿಡುತ್ತದೆ. ಜೋಡಿಗಳು ಸೋಲುವುದು ಹೆಚ್ಚಾಗಿ ಅಲ್ಲಿ.

ಸಲಹೆಗೆ ಬಂದವರು ಬಾಯಿಬಿಡಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ. ಬಿಟ್ಟ ಮೇಲೆ ಕೇಳುವ ಮೊದಲ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಒಂದೇ: ‘ವಾರಕ್ಕೆ ಎಷ್ಟು ಸಲ ಇದ್ರೆ ಸರಿ?’ ತೀರ್ಪು ಕೊಡಲಿ, ಸೋತವರು ಒಪ್ಪಿಕೊಳ್ಳಲಿ ಎಂಬ ಆಸೆ ಆ ಪ್ರಶ್ನೆಯಲ್ಲಿದೆ. ಸರಿಯಾದ ಸಂಖ್ಯೆ ಎಂಬುದೊಂದು ಇಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೂವತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಮಾಹಿತಿಯನ್ನು ನೋಡಿತ್ತು. ಜೊತೆಯಲ್ಲಿ ಬಾಳುವವರ ನೆಮ್ಮದಿಗೂ ಮಿಲನದ ಸಂಖ್ಯೆಗೂ ವಾರಕ್ಕೊಂದು ಸಲದವರೆಗೆ ನಂಟು ಕಂಡಿತು, ಅದರ ಮೇಲೆ ಎಷ್ಟೇ ಹೆಚ್ಚಿದರೂ ನೆಮ್ಮದಿ ಹೆಚ್ಚಲಿಲ್ಲ. ‘ಹಾಗಾದರೆ ವಾರಕ್ಕೊಂದು’ ಎಂದು ಬರೆದಿಟ್ಟುಕೊಳ್ಳುವ ಮೊದಲು ಅದೇ ವರ್ಷದ ಇನ್ನೊಂದು ಪ್ರಯೋಗವನ್ನೂ ಕೇಳಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 64 ಜೋಡಿಗಳನ್ನು ತೆಗೆದುಕೊಂಡು, ಕೆಲವರಿಗೆ ‘ಈಗ ಇರುವುದರ ಎರಡರಷ್ಟು ಮಾಡಿ’ ಎಂದು ಹೇಳಿದರು. ಸಂಖ್ಯೆ ಹೆಚ್ಚಿತು, ಖುಷಿ ಹೆಚ್ಚಲಿಲ್ಲ. ಬದಲಿಗೆ ಅವರ ಮನಸ್ಸಿನ ಉಲ್ಲಾಸ ತುಸು ಇಳಿಯಿತು, ಮಿಲನದ ಆಸೆಯೂ ಕುಗ್ಗಿತು. ಸಂಶೋಧಕರ ಊಹೆ ಸರಳ: ಹೇಳಿಸಿಕೊಂಡು ಮಾಡಿದ್ದಕ್ಕೇ ಅದು ಸಪ್ಪೆಯಾಯಿತು. ಹಾಗಾಗಿ ಸಂಖ್ಯೆಯನ್ನು ಮೊದಲು ಗೊತ್ತುಮಾಡಿಕೊಂಡು ಆಸೆಯನ್ನು ಅದರ ಹಿಂದೆ ಎಳೆದು ತರಲು ಆಗುವುದಿಲ್ಲ.

ಒಂದು ಜೋಡಿಯನ್ನು ಮುಂದಿಟ್ಟುಕೊಂಡು ನೋಡೋಣ. ಇವರು ಯಾರೋ ಇಬ್ಬರಲ್ಲ, ಅಂಕೋಲೆ–ಕುಮಟೆ ಕಡೆಯ ಹಲವು ಮನೆಗಳ ಕಥೆಯಿಂದ ಹೆಣೆದವರು. ಮಹೇಶ, ಸುಮಾ ಎಂದು ಕರೆಯೋಣ. ಮಹೇಶನಿಗೆ ಗೋವಾದ ಕಾರ್ಖಾನೆಯೊಂದರಲ್ಲಿ ಕೆಲಸ. ವಾರವಿಡೀ ನಾಲ್ಕು ಜನರ ಜೊತೆ ಬಾಡಿಗೆ ಕೋಣೆ, ಶನಿವಾರ ಸಂಜೆ ಮಡಗಾಂವಿನಲ್ಲಿ ರೈಲು ಹತ್ತಿ ಊರಿಗೆ, ಸೋಮವಾರ ನಸುಕಿಗೆ ವಾಪಸ್. ಸುಮಾ ಊರಲ್ಲೇ ಅತ್ತೆಯ ಜೊತೆ ಇದ್ದಾಳೆ. ಮಗುವಿಗೆ ಒಂದೂವರೆ ವರ್ಷ, ರಾತ್ರಿ ಇನ್ನೂ ಎದೆಹಾಲು ಬಿಟ್ಟಿಲ್ಲ. ಹಳೆಯ ಹಂಚಿನ ಮನೆ. ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ ಏರಿಲ್ಲ, ಮೇಲೆ ಎರಡು ಮೊಳ ಖಾಲಿ. ಈ ಬದಿ ಮಗ್ಗುಲು ಬದಲಿಸಿದರೆ ಆ ಬದಿಯ ಅತ್ತೆ ಕೆಮ್ಮುತ್ತಾರೆ.

ಶನಿವಾರ ರಾತ್ರಿ ನಡೆಯುವುದು ಹೀಗೆ. ಮಹೇಶ ವಾರವೆಲ್ಲ ಈ ರಾತ್ರಿಗಾಗಿ ಕಾದಿರುತ್ತಾನೆ. ಸುಮಾ ಬೆಳಗಿನಿಂದ ಮಗು, ಅಡುಗೆ, ಬಾವಿ, ದನ ಎಂದು ದಣಿದಿರುತ್ತಾಳೆ. ಮಗು ಮಲಗಿದ ಮೇಲೆ ಅವನು ಹೆಗಲ ಮೇಲೆ ಕೈ ಇಡುತ್ತಾನೆ. ಆ ಕೈ ಎಲ್ಲಿಗೆ ಹೋಗಲಿದೆ ಎಂದು ಅವಳಿಗೆ ಗೊತ್ತು. ‘ಇವತ್ತು ಬೇಡ ಮಾರಾಯ್ರೆ, ಸಾಕಾಗಿದೆ’ ಎನ್ನುತ್ತಾಳೆ. ಅವನು ಕೈ ತೆಗೆದು ಗೋಡೆಯ ಕಡೆ ಹೊರಳುತ್ತಾನೆ. ಭಾನುವಾರ ಮಧ್ಯಾಹ್ನ ಮೀನು ಸಾರಿನ ಊಟಕ್ಕೆ ಕೂತಾಗಲೂ ಮುಖ ಊದಿಸಿಕೊಂಡೇ ಇರುತ್ತಾನೆ. ಭಾನುವಾರ ರಾತ್ರಿ ಅವಳೇ ‘ಹೋಗ್ಲಿ’ ಎಂದು ಒಪ್ಪುತ್ತಾಳೆ. ಆಗುತ್ತದೆ, ಬೇಗ ಮುಗಿಯುತ್ತದೆ, ಅವಳಿಗೆ ನೋವೂ ಆಗುತ್ತದೆ. ಸೋಮವಾರ ಅವನು ಹಗುರವಾಗಿ ರೈಲು ಹತ್ತಿದರೆ ಇವಳಿಗೆ ಕಾರಣ ಹೇಳಲಾಗದ ಸಿಟ್ಟು. ಮುಂದಿನ ಶನಿವಾರ ಬರುವುದರೊಳಗೆ ಇಷ್ಟಾಗಿರುತ್ತದೆ: ರೈಲು ಬರುವ ಹೊತ್ತಿಗೇ ಅವಳ ಹೊಟ್ಟೆಯಲ್ಲಿ ಏನೋ ಬಿಗಿಯುತ್ತದೆ. ಅವನು ಅಡುಗೆಮನೆಯಲ್ಲಿ ಸುಮ್ಮನೆ ಬೆನ್ನು ಸವರಿದರೂ ಸರಿದು ನಿಲ್ಲುತ್ತಾಳೆ.

ಈ ಕೊನೆಯ ಸಂಗತಿಯನ್ನು ಗಮನಿಸಿ. ಬೆನ್ನು ಸವರುವುದು, ಕೈ ಹಿಡಿಯುವುದು, ಒರಗಿ ಕೂರುವುದು ಇವೆಲ್ಲ ಮೊದಲು ಬೇರೆ ಬೇರೆ ಅರ್ಥದವು. ಈಗ ಎಲ್ಲವೂ ಒಂದೇ ವಿಷಯದ ಮುನ್ಸೂಚನೆಯಾಗಿವೆ. ಸುಮಾ ಮಿಲನವನ್ನಷ್ಟೇ ಅಲ್ಲ, ಅದಕ್ಕೆ ಹಾದಿಯಾಗಬಹುದಾದ ಎಲ್ಲವನ್ನೂ ದೂರವಿಡಬೇಕಾಗಿದೆ. ಮಹೇಶನಿಗೆ ಕಾಣುವುದು ‘ಮುಟ್ಟಿದರೆ ಸಾಕು, ಹಾವು ಕಂಡಂತೆ ಮಾಡ್ತಾಳೆ’ ಎಂಬುದು. ಅವನು ಕಂಗೆಟ್ಟು ಇನ್ನಷ್ಟು ಕೇಳುತ್ತಾನೆ, ಅವಳು ಇನ್ನಷ್ಟು ಸರಿಯುತ್ತಾಳೆ. ಅವನ ಕೇಳಿಕೆಯೇ ಅವಳ ಆಸೆಯನ್ನು ಕೊಲ್ಲುತ್ತಿದೆ, ಅವಳ ಸರಿಯುವಿಕೆಯೇ ಅವನ ಹಸಿವನ್ನು ಹೆಚ್ಚಿಸುತ್ತಿದೆ. ಇಬ್ಬರಲ್ಲಿ ಯಾರೂ ಖಳರಲ್ಲ.

ಸುಮಾಳಿಗೆ ಆಸೆಯೇ ಇಲ್ಲವೇ? ಅವಳೇ ಹಾಗೆಂದುಕೊಂಡಿದ್ದಾಳೆ. ಆಸೆ ಎಂದರೆ ಸುಮ್ಮನಿದ್ದಾಗ ತಾನಾಗಿ ಹುಟ್ಟುವ ಹಸಿವು ಎಂದು ನಾವು ತಿಳಿದುಕೊಂಡಿದ್ದೇವೆ. ಕೆಲವರಿಗೆ ಅದು ಹಾಗೆಯೇ ಹುಟ್ಟುತ್ತದೆ. ಆದರೆ ಕೆನಡಾದ ವೈದ್ಯೆ ರೋಸ್ಮರಿ ಬ್ಯಾಸನ್ 2000ದಲ್ಲಿ ಇನ್ನೊಂದು ಬಗೆಯನ್ನು ವಿವರಿಸಿದರು. ಬಹಳ ಹೆಂಗಸರಲ್ಲಿ, ಅದರಲ್ಲೂ ದೀರ್ಘಕಾಲದ ದಾಂಪತ್ಯದಲ್ಲಿ, ಆಸೆ ಮೊದಲು ಬರುವುದಿಲ್ಲ. ಮನಸ್ಸು ತಟಸ್ಥವಾಗಿರುತ್ತದೆ. ಹಿತವಾದ ಮಾತು, ಮುಟ್ಟುವಿಕೆ, ಪುರುಸೊತ್ತು ಸಿಕ್ಕಾಗ ದೇಹ ಸ್ಪಂದಿಸುತ್ತದೆ, ಆಮೇಲೆ ‘ಹೌದು, ಬೇಕು’ ಎನ್ನಿಸುತ್ತದೆ. ಗಂಡಸರಲ್ಲೂ ಹೀಗಿರುವವರಿದ್ದಾರೆ. ಇದು ಕೊರತೆಯಲ್ಲ, ಆಸೆ ಹುಟ್ಟುವ ಇನ್ನೊಂದು ಕ್ರಮ. ಇಂಥವರಿಗೆ ರಾತ್ರಿ ಹನ್ನೊಂದಕ್ಕೆ ‘ನಿಂಗೆ ಬೇಕಾ?’ ಎಂದು ಕೇಳಿದರೆ ‘ಇಲ್ಲ’ ಎಂಬುದೇ ಪ್ರಾಮಾಣಿಕ ಉತ್ತರ.

ಇದನ್ನು ತಿಳಿದ ಕೂಡಲೇ ಕೆಲವು ಗಂಡಂದಿರ ಕಣ್ಣು ಹೊಳೆಯುತ್ತದೆ: ‘ಅಂದ್ರೆ ಶುರು ಮಾಡಿದ್ರೆ ತಾನಾಗೇ ಬರ್ತದೆ!’ ಹಾಗಲ್ಲ. ಲೈಂಗಿಕತೆಯ ಸಂಶೋಧನೆ ನಡೆಸುವ ಅಮೆರಿಕದ ಕಿನ್ಸಿ ಸಂಸ್ಥೆಯಲ್ಲಿದ್ದ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ತೋರಿಸಿದ್ದು, ಪ್ರತಿಯೊಬ್ಬರಲ್ಲೂ ಆಸೆಯನ್ನು ಮುಂದೆ ನೂಕುವ ಒಂದು ವ್ಯವಸ್ಥೆಯೂ ತಡೆಯುವ ಇನ್ನೊಂದು ವ್ಯವಸ್ಥೆಯೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ ಎಂದು. ವಾಹನದ ಎಕ್ಸಲೇಟರ್ ಮತ್ತು ಬ್ರೇಕು ಇದ್ದಂತೆ. ಬ್ರೇಕ್ ಒತ್ತಿಕೊಂಡೇ ಎಕ್ಸಲೇಟರ್ ಕೊಟ್ಟರೆ ಇಂಜಿನ್ ಅರಚುತ್ತದೆ, ಗಾಡಿ ಕದಲುವುದಿಲ್ಲ. ಮಹೇಶ ಒಂದು ಸಲ ಸೆಂಟಿನ ಬಾಟಲಿ ತಂದ, ಇನ್ನೊಂದು ಸಲ ಹೊಸ ನೈಟಿ. ಎರಡೂ ಎಕ್ಸಲೇಟರ್. ಸುಮಾಳ ಬ್ರೇಕುಗಳನ್ನು ಅವನು ಕೇಳಿಯೇ ಇರಲಿಲ್ಲ, ಅವಳೂ ಒಂದೊಂದಾಗಿ ಹೆಸರಿಟ್ಟು ಹೇಳಿರಲಿಲ್ಲ.

ಹೇಳಿದಾಗ ನಾಲ್ಕು ಸಿಕ್ಕವು. ಮೊದಲನೆಯದು ಮಾಡಿನವರೆಗೆ ಏರದ ಆ ಗೋಡೆ. ಎರಡನೆಯದು ಇನ್ನೊಂದು ಬಸಿರಿನ ಹೆದರಿಕೆ: ‘ಹುಷಾರಾಗಿರ್ತೇನೆ’ ಎಂಬ ಅವನ ಮಾತಿನ ಮೇಲೆ ಎಲ್ಲ ನಿಂತಿತ್ತು, ಪ್ರತಿ ತಿಂಗಳೂ ಮುಟ್ಟಾಗುವವರೆಗೆ ಅವಳಿಗೆ ನಿದ್ದೆ ಸರಿಯಿಲ್ಲ. ಮೂರನೆಯದು ನೋವು. ನಾಲ್ಕನೆಯದು, ಒಮ್ಮೆ ಶುರುವಾದರೆ ನಡುವೆ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಿದರೆ ಎರಡು ದಿನ ಮಾತಿಲ್ಲ ಎಂಬ ಅನುಭವ. ದಣಿವನ್ನು ಅವಳು ಪಟ್ಟಿಗೇ ಸೇರಿಸಲಿಲ್ಲ, ಅದು ಇದ್ದೇ ಇರುತ್ತದಲ್ಲ ಎಂದಳು!

ಮೊದಲ ಮೂರು ಮನಶ್ಶಾಸ್ತ್ರದ ವಿಷಯಗಳಲ್ಲ, ಮನೆಯ ಮತ್ತು ಆಸ್ಪತ್ರೆಯ ವಿಷಯಗಳು. ಅವನ್ನು ಬಗೆಹರಿಸದೆ ‘ಮನಸ್ಸು ಬಿಚ್ಚಿ ಮಾತಾಡಿ’ ಎಂದು ಉಪದೇಶ ಮಾಡುವುದು ಸುಮ್ಮನೆ. ನೋವಿನ ಕಾರಣ ಸುಮಾಳಿಗೆ ಗೊತ್ತಿರಲಿಲ್ಲ. ಹಾಲುಣಿಸುವಾಗ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿರುತ್ತದೆ, ಈಸ್ಟ್ರೋಜನ್ ಇಳಿದಿರಬಹುದು. ಹಾಗಾದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಆಸೆಯೂ ಕುಗ್ಗುತ್ತದೆ. ಒಣಗಿದ್ದಲ್ಲಿ ಉಜ್ಜಿದರೆ ನೋವು, ನೋವಿನ ನೆನಪಿಗೆ ಮುಂದಿನ ಸಲ ಸ್ನಾಯು ತಾನಾಗಿ ಬಿಗಿಯುತ್ತದೆ, ಬಿಗಿದರೆ ಮತ್ತೆ ನೋವು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ನೀರಿನ ಆಧಾರದ ಲೂಬ್ರಿಕೆಂಟ್ ಜೆಲ್ ಬಹಳ ಸಲ ಇಷ್ಟನ್ನು ಪರಿಹರಿಸುತ್ತದೆ. ನಮ್ಮಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆ, ಆದರೆ ಕಾಂಡೋಮ್ ಬಳಸುವವರು ಇದಕ್ಕೆ ಎಣ್ಣೆ ಹಚ್ಚಬಾರದು. ಎಣ್ಣೆ ತಾಗಿದರೆ ರಬ್ಬರು ಸಡಿಲಗೊಂಡು ಹರಿಯುತ್ತದೆ. ಜೆಲ್ ಹಚ್ಚಿದರೂ ನೋವು ಉಳಿದರೆ, ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಇದ್ದರೆ ಸ್ತ್ರೀರೋಗ ತಜ್ಞರು ನೋಡಲೇಬೇಕು. ನೋವು ಇರುವಷ್ಟು ದಿನ ಸಂಖ್ಯೆಯ ಮಾತುಕತೆಯೇ ಬೇಡ. ನೋವಾಗುವುದನ್ನು ಯಾವ ದೇಹವೂ ಬಯಸುವುದಿಲ್ಲ.

ಬಸಿರಿನ ಹೆದರಿಕೆಗೆ ಸುಮಾ ತಾಲೂಕು ಆಸ್ಪತ್ರೆಯಲ್ಲಿ ಕಾಪರ್-ಟಿ ಹಾಕಿಸಿಕೊಂಡಳು. ಸರಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಇದರಲ್ಲಿ ಹಾರ್ಮೋನು ಇಲ್ಲ, 380ಎ ಎಂಬ ಬಗೆಯದು ಹತ್ತು ವರ್ಷ ಕೆಲಸ ಮಾಡುತ್ತದೆ, ಬೇಡವೆನಿಸಿದ ದಿನ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚಾಗಬಹುದು ಎಂಬುದನ್ನು ಮೊದಲೇ ತಿಳಿದಿರಬೇಕು. ಅದೇ ಹೋಗಿಬರುವಿಕೆಯಲ್ಲಿ ರಕ್ತಹೀನತೆಗೆ ಹಿಮೋಗ್ಲೋಬಿನ್, ಥೈರಾಯ್ಡಿಗೆ ಟಿಎಸ್‌ಎಚ್ ಪರೀಕ್ಷೆಯೂ ಆಯಿತು. ಸದಾ ಸುಸ್ತು ಇರುವ ಬಾಣಂತಿಯರಲ್ಲಿ ಈ ಎರಡನ್ನು ನೋಡದೆ ‘ಆಸೆ ಇಲ್ಲ’ ಎಂದು ತೀರ್ಮಾನಿಸುವುದು ತಪ್ಪು. ಇನ್ನು ಗೋಡೆ. ಅದನ್ನು ಕಟ್ಟಿಸಲು ಹಣವಿರಲಿಲ್ಲ. ಅದರ ಪರಿಹಾರ ಮುಂದೆ ಬರುತ್ತದೆ.

ನಾಲ್ಕನೆಯ ಬ್ರೇಕಿಗೆ, ಅಂದರೆ ಒತ್ತಡಕ್ಕೆ, ಮದ್ದಿಲ್ಲ. ಅಲ್ಲಿ ನಡವಳಿಕೆಯೇ ಬದಲಾಗಬೇಕು.

ಮೊದಲ ಮಾತುಕತೆಗೆ ಜಾಗ ಮುಖ್ಯ. ಹಾಸಿಗೆಯ ಮೇಲೆ ಬೇಡ, ‘ಬೇಡ’ ಎಂದ ಮರುಕ್ಷಣವಂತೂ ಬೇಡವೇ ಬೇಡ. ಇಬ್ಬರೂ ಎದುರುಬದುರು ಕೂತು ಮುಖ ನೋಡುತ್ತ ಮಾತಾಡುವುದಕ್ಕಿಂತ ಪಕ್ಕಪಕ್ಕ ನಡೆಯುತ್ತ ಮಾತಾಡುವುದು ಸುಲಭ. ಇವರು ಭಾನುವಾರ ಸಂಜೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಕಡಲದಂಡೆಗೆ ಹೋದರು. ಮಾತಿಗೊಂದು ಕಟ್ಟು ಇತ್ತು: ಎಷ್ಟು ಸಲ ಎಂಬ ಸಂಖ್ಯೆ ಎತ್ತುವಂತಿಲ್ಲ, ‘ನೀನು ಯಾವಾಗ್ಲೂ’ ಎಂದು ಶುರು ಮಾಡುವಂತಿಲ್ಲ. ಇದರಿಂದ ತನಗೆ ಏನು ಸಿಗುತ್ತದೆ, ಸಿಗದಿದ್ದಾಗ ಏನನಿಸುತ್ತದೆ ಎಂಬುದನ್ನು ಮಾತ್ರ ಪ್ರತಿಯೊಬ್ಬರೂ ಹೇಳಬೇಕು.

ಮಹೇಶ ಬಹಳ ಹೊತ್ತು ಮರಳು ಒದೆಯುತ್ತ ನಡೆದ ಮೇಲೆ ಹೇಳಿದ್ದು: ‘ವಾರಿಡೀ ಆ ಕೋಣೆಲಿ ನಾನು ಯಾರಿಗೂ ಬೇಕಾದವ ಅಲ್ಲ ಅನ್ನಿಸ್ತದೆ. ಊರಿಗೆ ಬಂದ್ರೂ ಮಗು ಮೊದಲು, ಆಯಿ ಮೊದಲು. ಅದೊಂದು ಹೊತ್ತಿಗೆ ಮಾತ್ರ ನಿಂಗೆ ನಾನು ಬೇಕು ಅಂತ ಗೊತ್ತಾಗ್ತದೆ.’ ಸುಮಾಳಿಗೆ ಇದು ಹೊಸದು. ಅವನಿಗೆ ಬೇಕಾದದ್ದು ದೇಹ ಮಾತ್ರ ಎಂದುಕೊಂಡಿದ್ದಳು. ಅವಳು ಹೇಳಿದ್ದು: ‘ದಿನಿಡೀ ಎಲ್ಲರೂ ನನ್ನ ಮೈ ಎಳೀತಾರೆ. ರಾತ್ರಿ ನೀವೂ ಎಳೆದ್ರೆ, ನಾನು ಮುಗಿಸಬೇಕಾದ ಕೊನೆ ಕೆಲಸ ಅದು ಅನ್ನಿಸ್ತದೆ.’ ಅವನಿಗೂ ಇದು ಹೊಸದು. ತಾನು ಅವಳ ಕೆಲಸದ ಪಟ್ಟಿಯಲ್ಲಿದ್ದೇನೆ ಎಂದು ಅವನು ಎಣಿಸಿರಲಿಲ್ಲ.

ಎರಡನೆಯ ಹೆಜ್ಜೆ ಕೇಳಿದವರಿಗೆ ವಿಚಿತ್ರ ಎನ್ನಿಸುತ್ತದೆ: ಮೂರು ವಾರ ಮಿಲನ ಪೂರ್ತಿ ನಿಲ್ಲಿಸುವುದು. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ಚಿಕಿತ್ಸಾಕ್ರಮದ ಮುಖ್ಯ ಭಾಗವಿದು, ಇಂದಿಗೂ ಲೈಂಗಿಕ ಚಿಕಿತ್ಸಕರು ಬಳಸುತ್ತಾರೆ. ತರ್ಕ ಹೀಗಿದೆ. ಮುಟ್ಟಿದರೆ ಅದು ಅಲ್ಲಿಗೇ ಹೋಗುತ್ತದೆ ಎಂಬ ಖಾತ್ರಿ ಇರುವವರೆಗೆ ಸುಮಾಳ ದೇಹ ಮುಟ್ಟುವಿಕೆಯನ್ನು ಅನುಭವಿಸಲಾರದು, ಕಾವಲು ಕಾಯುತ್ತಿರುತ್ತದೆ. ಏನೇ ಆದರೂ ಅಲ್ಲಿಗೆ ಹೋಗುವುದಿಲ್ಲ ಎಂದು ಇಬ್ಬರೂ ಮೊದಲೇ ಮಾತು ಕೊಟ್ಟುಕೊಂಡರೆ ಕಾವಲಿನ ಅಗತ್ಯ ಬೀಳುವುದಿಲ್ಲ. ನಿಲ್ಲಿಸುವುದಷ್ಟೇ ಅಲ್ಲ, ಮುಟ್ಟುವುದನ್ನು ಮತ್ತೆ ಶುರು ಮಾಡಬೇಕು. ವಾರಕ್ಕೆ ಎರಡು ಸಲ, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಮೊದಲ ವಾರ ಎದೆ ಮತ್ತು ಗುಪ್ತಾಂಗ ಬಿಟ್ಟು. ಒಬ್ಬರು ಮುಟ್ಟುತ್ತಾರೆ, ಇನ್ನೊಬ್ಬರು ಸುಮ್ಮನೆ ಮಲಗಿ ಯಾವುದು ಹಿತ, ಯಾವುದು ಅಲ್ಲ ಎಂದು ಹೇಳುತ್ತಾರೆ. ಉದ್ರೇಕಿಸುವುದು ಗುರಿಯಲ್ಲ. ಬಿಸಿಯೋ ತಂಪೋ, ಒರಟೋ ನಯವೋ ಎಂದು ಗಮನಿಸುವುದಷ್ಟೇ. ಎರಡು, ಮೂರನೆಯ ವಾರಗಳಲ್ಲಿ ಇಬ್ಬರೂ ಒಪ್ಪಿದರೆ ಬಿಟ್ಟ ಭಾಗಗಳನ್ನೂ ಸೇರಿಸಿಕೊಳ್ಳಬಹುದು, ಮಿಲನ ಮಾತ್ರ ಇಲ್ಲ.

ಆ ಮನೆಯಲ್ಲಿ ಇದು ನಡೆದದ್ದು ತಲೆಗೆ ಎಣ್ಣೆ ಹಚ್ಚುವ ನೆವದಲ್ಲಿ. ಎಣ್ಣೆ ಹಚ್ಚುವುದಕ್ಕೆ ಗೋಡೆ ಮಾಡಿನವರೆಗೆ ಇರಬೇಕಾಗಿಲ್ಲ, ಅತ್ತೆ ಕೆಮ್ಮಿದರೂ ನಡೆಯುತ್ತದೆ. ನೆತ್ತಿ, ಕತ್ತು, ಹೆಗಲು, ಅಂಗಾಲು. ಸುಮಾ ಮೊದಲ ಸಲ ನಿದ್ದೆಹೋದಳು. ಇದನ್ನು ಅವನು ಸೋಲು ಎಂದು ತಿಳಿದ. ಅದು ಸೋಲಲ್ಲ. ಅವನ ಕೈಯ ಕೆಳಗೆ ಅವಳು ನಿದ್ದೆಹೋಗುವಷ್ಟು ನಿರಾಳವಾದದ್ದು ಬಹಳ ದಿನಗಳ ಮೇಲೆ.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ಎರಡನೆಯ ವಾರ ಎಲ್ಲ ಚೆನ್ನಾಗಿ ಹೋಗುತ್ತಿದೆ, ಇಬ್ಬರಿಗೂ ಹಿತವಾಗಿದೆ, ‘ಇನ್ನೇನು, ಅವಳಿಗೂ ಬೇಕಿದೆಯಲ್ಲ’ ಎಂದು ಅವನು ಕಟ್ಟು ಮುರಿಯುತ್ತಾನೆ. ಆ ಒಂದು ರಾತ್ರಿ ಚೆನ್ನಾಗಿಯೇ ಆಗಬಹುದು. ಆದರೆ ‘ಮಾತು ಕೊಟ್ಟರೂ ಕೊನೆಗೆ ಅಲ್ಲಿಗೇ ಹೋಗುತ್ತದೆ’ ಎಂಬ ಪಾಠವನ್ನು ಅವಳ ದೇಹ ಗಟ್ಟಿಯಾಗಿ ಕಲಿಯುತ್ತದೆ, ಹಿಂದೆ ಸರಿಯುವುದು ಮರುವಾರವೇ ಶುರುವಾಗುತ್ತದೆ. ಮಹೇಶ ಒಂದು ಸಲ ಅಂಚಿಗೆ ಬಂದು ಎದ್ದು ಹೊರಗೆ ಜಗಲಿಗೆ ಹೋಗಿ ಕೂತ. ಸಿಟ್ಟಿನಿಂದಲ್ಲ, ‘ಇಲ್ಲೇ ಇದ್ರೆ ಆಗೂದಿಲ್ಲ’ ಎಂದು ಹೇಳಿ ಹೋದ. ಸುಮಾ ಆಮೇಲೆ ನೆನಪಿಟ್ಟುಕೊಂಡು ಹೇಳಿದ್ದು ಇದನ್ನೇ, ಸೆಂಟಿನ ಬಾಟಲಿಯನ್ನಲ್ಲ.

ಮೂರನೆಯದು ಕೇಳುವ ಮತ್ತು ಉತ್ತರಿಸುವ ಬಗೆ. ಮೂರು ವಾರದ ನಂತರ ಇವರು ‘ಹೌದು’, ‘ಬೇಡ’ಗಳ ಜೊತೆಗೆ ಇನ್ನೊಂದು ಉತ್ತರ ಸೇರಿಸಿಕೊಂಡರು: ‘ನೋಡುವ’. ಅಂದರೆ, ಈಗ ನನಗೆ ಆಸೆ ಇಲ್ಲ, ಬೇಸರವೂ ಇಲ್ಲ, ಹತ್ತಿರ ಮಲಗೋಣ, ಆಸೆ ಬಂದರೆ ಮುಂದೆ, ಬರದಿದ್ದರೆ ಅಲ್ಲಿಗೆ ನಿಲ್ಲಿಸೋಣ. ಮುಟ್ಟಿದ ಮೇಲೆ ಆಸೆ ಹುಟ್ಟುವವರಿಗೆ ಈ ಉತ್ತರವೇ ಬಾಗಿಲು. ಆದರೆ ಅದರ ಬೆಲೆ ಇರುವುದು ‘ಅಲ್ಲಿಗೆ ನಿಲ್ಲಿಸೋಣ’ ನಿಜವಾಗಿ ನಿಲ್ಲುವುದರಲ್ಲಿ. ಮೂರು ‘ನೋಡುವ’ಗಳಲ್ಲಿ ಒಂದಾದರೂ ಅರ್ಧಕ್ಕೆ ನಿಂತು, ಮರುದಿನ ಬೆಳಿಗ್ಗೆ ಚಹಾ ಎಂದಿನಂತೆಯೇ ಆಗಬೇಕು. ಒಂದೂ ನಿಲ್ಲುತ್ತಿಲ್ಲ ಎಂದರೆ ಅದು ‘ನೋಡುವ’ ಅಲ್ಲ, ಮುದ್ದಾದ ಹೆಸರಿನ ಬಲವಂತ.

ತಟಸ್ಥ ಮನಸ್ಸಿನಿಂದ ಶುರು ಮಾಡುವುದಕ್ಕೂ ಕರ್ತವ್ಯವೆಂದು ಒಪ್ಪುವುದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು, ಒಳಗಿನಿಂದ ಸ್ಪಷ್ಟ. ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿದ್ದರೆ, ಹಲ್ಲು ಕಚ್ಚಿಕೊಂಡಿದ್ದರೆ, ಮುಗಿದ ಮೇಲೆ ಅಳು ಅಥವಾ ಮರುದಿನ ಸಿಟ್ಟು ಬಂದರೆ ಅದು ಕರ್ತವ್ಯ. ಹಾಗೆ ಒಪ್ಪಿಕೊಂಡಷ್ಟೂ ಮುಂದಿನ ಆಸೆ ಕಡಿಮೆಯಾಗುತ್ತದೆ. ಭಾನುವಾರ ರಾತ್ರಿಯ ‘ಹೋಗ್ಲಿ’ಯಿಂದ ಮಹೇಶನಿಗೆ ಒಂದು ರಾತ್ರಿ ಸಿಗುತ್ತಿತ್ತು, ಮುಂದಿನ ಎರಡು ರಾತ್ರಿ ಹೋಗುತ್ತಿದ್ದವು.

‘ಬೇಡ’ ಎನ್ನುವವರಿಗೂ ಒಂದು ಕೆಲಸವಿದೆ. ಬರೀ ‘ಬೇಡ’ ಎಂದು ಹೊರಳಿದರೆ ಕೇಳಿದವರಿಗೆ ‘ನೀನೇ ಬೇಡ’ ಎಂದು ಕೇಳಿಸುತ್ತದೆ. ‘ಇವತ್ತು ಆಗೂದಿಲ್ಲ ಮಾರಾಯ್ರೆ, ಆದ್ರೆ ಇಲ್ಲೇ ಬನ್ನಿ, ಒಟ್ಟಿಗೆ ಮಲಗುವ’ ಎಂದರೆ ಬೇಡವಾದದ್ದು ಯಾವುದು ಎಂಬುದು ಗೊತ್ತಾಗುತ್ತದೆ. ನಾಳೆ ಎಂದು ಹೇಳುವುದಿದ್ದರೆ ಮನಸ್ಸಿದ್ದರೆ ಮಾತ್ರ ಹೇಳಬೇಕು. ಬಾಯಿ ಮುಚ್ಚಿಸಲು ಹೇಳಿದ ‘ನಾಳೆ’ ಸಾಲವಾಗಿ ನಿಲ್ಲುತ್ತದೆ, ಸಾಲಗಾರನಿಗೆ ಸಾಲ ಕೊಟ್ಟವನನ್ನು ಕಂಡರೆ ಪ್ರೀತಿ ಬರುವುದಿಲ್ಲ. ಕೇಳುವವರ ಕಡೆಯಿಂದ, ಮುನಿಸು, ನಿಟ್ಟುಸಿರು, ಊಟ ಬಿಡುವುದು, ‘ಬೇರೆಯವರ ಹೆಂಡ್ತೀರು’ ಎಂಬ ಮಾತು ಇವೆಲ್ಲ ಒತ್ತಡವೇ. ಬಾಯಿಬಿಟ್ಟು ಕೇಳಿಲ್ಲವಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಬೇಸರವಾಗಿದ್ದರೆ ‘ಬೇಜಾರಾಯ್ತು, ಬೆಳಿಗ್ಗೆಗೆ ಸರಿಯಾಗ್ತದೆ’ ಎಂದು ಒಂದು ಸಲ ಹೇಳಿ ಬಿಟ್ಟರೆ ಮುಗಿಯಿತು.

ಇಷ್ಟಾದ ಮೇಲೆ ಸಂಖ್ಯೆ. ಅವನಿಗೆ ಬಂದ ಪ್ರತಿ ಶನಿವಾರ, ಭಾನುವಾರ ಬೇಕಿತ್ತು, ಅಂದರೆ ತಿಂಗಳಿಗೆ ಎಂಟು ಸಲ. ಅವಳಿಗೆ ತಿಂಗಳಿಗೊಮ್ಮೆ ಸಾಕಿತ್ತು. ನಡುವಿನ ನಾಲ್ಕೂವರೆಯನ್ನು ಹಿಡಿದು ರಾಜಿ ಮಾಡಿದರೆ ಅವಳಿಗೆ ಮೂರೂವರೆ ಸಲ ಇಷ್ಟವಿಲ್ಲದ್ದು, ಅವನಿಗೆ ಮೂರೂವರೆ ಸಲ ಹಸಿವು. ಗಣಿತ ಸರಿ, ಬದುಕು ಸರಿಯಿಲ್ಲ. ಇವರು ಎಷ್ಟು ಸಲ ಎಂಬುದರ ಬದಲು ಯಾವ ಹೊತ್ತು ಎಂದು ಮಾತಾಡಿದರು. ಶನಿವಾರ ರಾತ್ರಿ ಸುಮಾಳ ಮೈಯಲ್ಲಿ ಶಕ್ತಿ ಇರುವುದಿಲ್ಲ, ಗೋಡೆಯಾಚೆ ಅತ್ತೆ ಎಚ್ಚರ. ಅದನ್ನು ಪಟ್ಟಿಯಿಂದಲೇ ತೆಗೆದರು. ಶನಿವಾರ ಮಹೇಶ ಮಗುವನ್ನು ನೋಡಿಕೊಳ್ಳಬೇಕು, ಅವಳು ಬೇಗ ಮಲಗಬೇಕು. ಭಾನುವಾರ ಸಂಜೆ ಅತ್ತೆ ಮೊಮ್ಮಗುವನ್ನು ಎತ್ತಿಕೊಂಡು ದೇವಸ್ಥಾನಕ್ಕೆ, ಅಲ್ಲಿಂದ ಮಗಳ ಮನೆಗೆ ಹೋಗಿಬರುವ ಒಂದೂವರೆ ಗಂಟೆ ಇವರದ್ದು. ಅತ್ತೆಗೆ ಕಾರಣ ಯಾರೂ ಹೇಳಿಲ್ಲ, ಅವರು ಕೇಳಿಯೂ ಇಲ್ಲ. ಆ ವಯಸ್ಸಿನ ಹೆಂಗಸರಿಗೆ ಎಲ್ಲ ಗೊತ್ತಿರುತ್ತದೆ.

ಆ ಒಂದೂವರೆ ಗಂಟೆ ಮಿಲನಕ್ಕೆ ಗೊತ್ತುಮಾಡಿದ್ದಲ್ಲ, ಇಬ್ಬರೇ ಇರಲು ಗೊತ್ತುಮಾಡಿದ್ದು. ಈ ವ್ಯತ್ಯಾಸ ಬಿಟ್ಟರೆ ಭಾನುವಾರ ಸಂಜೆಯೂ ಶನಿವಾರ ರಾತ್ರಿಯಂತೆಯೇ ಆಗುತ್ತದೆ. ಕೆಲವು ವಾರ ಮಾತು, ಕೆಲವು ವಾರ ಎಣ್ಣೆ, ಕೆಲವು ವಾರ ಮುಂದಕ್ಕೆ. ಮೂರು ತಿಂಗಳ ಹೊತ್ತಿಗೆ ತಿಂಗಳಿಗೆ ಎರಡು, ಒಮ್ಮೊಮ್ಮೆ ಮೂರು ಎಂಬಲ್ಲಿಗೆ ಬಂದು ನಿಂತಿತು. ಕೆಲವನ್ನು ಸುಮಾಳೇ ಶುರು ಮಾಡಿದಳು. ಮಹೇಶನಿಗೆ ಇನ್ನೂ ಹೆಚ್ಚು ಬೇಕು, ಆ ಅಂತರ ಪೂರ್ತಿ ಮುಚ್ಚಿಲ್ಲ. ಉಳಿದ ಆಸೆಯನ್ನು ಹಸ್ತಮೈಥುನದಿಂದ ತಣಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಅದರಿಂದ ನಿಶ್ಶಕ್ತಿ ಬರುವುದಿಲ್ಲ. ‘ನೀನು ಕೊಡದ್ದಕ್ಕೆ’ ಎಂದು ಅದನ್ನು ಹೆಂಡತಿಗೆ ಚುಚ್ಚುವ ಆಯುಧ ಮಾಡಿಕೊಳ್ಳಬಾರದು ಅಷ್ಟೆ.

ಈ ಲೆಕ್ಕ ಊರೂರಿಗೆ, ಕಾಲಕಾಲಕ್ಕೆ ಬೇರೆ. ಶಿರಸಿ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುವವರಿಗೆ ಆಸೆಯ ಮಾತೇ ತಮಾಷೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಕಡಲಲ್ಲಿರುತ್ತಿದ್ದ ಗಂಡ ಆ 61 ದಿನ ಮನೆಯಲ್ಲೇ. ಮೊದಲ ವಾರ ಹಬ್ಬ, ಮೂರನೆಯ ವಾರಕ್ಕೆ ಜಗಳ ಎನ್ನುವ ಮನೆಗಳಿವೆ. ಒಮ್ಮೆ ಮಾಡಿಕೊಂಡ ಒಪ್ಪಂದವನ್ನು ಋತು ಬದಲಾದಾಗ, ಮಗು ಹಾಲು ಬಿಟ್ಟಾಗ, ಪಾಳಿ ಬದಲಾದಾಗ ಮತ್ತೆ ತೆರೆದು ನೋಡಬೇಕು.

ಹೆಂಡತಿಗೇ ಹೆಚ್ಚು ಬೇಕಿದ್ದು ಗಂಡ ಸರಿಯುವ ಮನೆಗಳು ಜನ ಎಣಿಸಿದ್ದಕ್ಕಿಂತ ಹೆಚ್ಚಿವೆ, ಬಾಯಿಬಿಡುವವರು ಕಡಿಮೆ. ಕೇಳಿದರೆ ಅವಳು ನಾಚಿಕೆಗೆಟ್ಟವಳು, ಒಪ್ಪದಿದ್ದರೆ ಅವನು ಗಂಡಸಲ್ಲ ಎಂಬ ಎರಡು ಹೆದರಿಕೆ ಅಲ್ಲಿ ಕೂತಿರುತ್ತವೆ. ಮೇಲಿನ ಹೆಜ್ಜೆಗಳೆಲ್ಲ ಅಲ್ಲಿಗೂ ಅನ್ವಯಿಸುತ್ತವೆ, ಆದರೆ ವೈದ್ಯರನ್ನು ಮೊದಲು ಕಾಣುವುದು ಮೇಲು. ಸಕ್ಕರೆ ಕಾಯಿಲೆ, ಖಿನ್ನತೆ, ಕುಡಿತ, ಕೆಲವು ರಕ್ತದೊತ್ತಡದ ಮಾತ್ರೆಗಳು, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಆಸೆಯನ್ನೋ ಗಡಸುತನವನ್ನೋ ಕುಗ್ಗಿಸಬಲ್ಲವು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಬದಲಿಸಲು ವೈದ್ಯರಿಗೆ ದಾರಿಗಳಿವೆ. ಟೆಸ್ಟೊಸ್ಟೆರಾನ್ ಪರೀಕ್ಷೆಗೆ ರಕ್ತವನ್ನು ಬೆಳಗಿನ ಹೊತ್ತು ಕೊಡಬೇಕು, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಗೋಡೆಗೆ ಅಂಟಿಸಿದ ‘ಗುಪ್ತರೋಗ’ದ ಪೋಸ್ಟರಿನವರ ಹತ್ತಿರ ಹೋಗಿ ದುಡ್ಡು ಕಳೆದುಕೊಳ್ಳುವುದು ಬೇಡ. ಅಂಗಡಿಯಲ್ಲಿ ಗುಟ್ಟಾಗಿ ಕೊಳ್ಳುವ ಸಿಲ್ಡೆನಾಫಿಲ್ ರಕ್ತದ ಹರಿವನ್ನು ಹೆಚ್ಚಿಸುತ್ತದೆಯೇ ಹೊರತು ಆಸೆಯನ್ನಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯ.

ಈ ಮಾತುಕತೆಗೆಲ್ಲ ಒಂದು ಷರತ್ತಿದೆ: ‘ಬೇಡ’ ಎಂದರೆ ಪೆಟ್ಟು ಬೀಳದ ಮನೆಯಾಗಿರಬೇಕು. ಹೊಡೆತ, ಬೆದರಿಕೆ, ಖರ್ಚಿಗೆ ಹಣ ನಿಲ್ಲಿಸುವುದು, ಮಲಗಿದ್ದಾಗ ಬಲವಂತ ಇವು ಇದ್ದಲ್ಲಿ ಅದು ಆಸೆಯ ವ್ಯತ್ಯಾಸವಲ್ಲ, ಹಿಂಸೆ. ಎಣ್ಣೆ ಹಚ್ಚಿ ಸರಿಮಾಡುವ ವಿಷಯವಲ್ಲ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡನ ಬಲವಂತವನ್ನು ಅತ್ಯಾಚಾರವೆಂದು ಪರಿಗಣಿಸದ ವಿನಾಯಿತಿ 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನು ಹಿಂಸೆಯೆಂದೇ ಎಣಿಸುತ್ತದೆ, ರಕ್ಷಣೆಯ ಆದೇಶ ಪಡೆಯಲು ಅದರಡಿ ಅವಕಾಶವಿದೆ. ಮಹಿಳಾ ಸಹಾಯವಾಣಿ 181.

ಎರಡು ಮೂರು ತಿಂಗಳು ಪ್ರಾಮಾಣಿಕವಾಗಿ ಮಾಡಿಯೂ ಸರಿಯುವುದು, ಬಿಗಿಯುವುದು ಕಡಿಮೆಯಾಗದಿದ್ದರೆ ಇಬ್ಬರೂ ಒಟ್ಟಿಗೆ ಸ್ತ್ರೀರೋಗ ತಜ್ಞರನ್ನೋ ಮನೋವೈದ್ಯರನ್ನೋ ಕಾಣಬೇಕು. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯವರೆಗೆ ಹೋಗಲು ಸದ್ಯಕ್ಕೆ ಆಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ. ವೈದ್ಯರ ಎದುರು ‘ಸುಸ್ತು’ ಎಂದಷ್ಟೇ ಹೇಳಿದರೆ ಟಾನಿಕ್ ಬರೆದು ಕಳಿಸುತ್ತಾರೆ. ‘ಹೆರಿಗೆಯಾಗಿ ಇಷ್ಟು ತಿಂಗಳಾಯ್ತು, ಗಂಡನ ಜೊತೆ ಸೇರುವಾಗ ನೋವಾಗ್ತದೆ, ಆಸೆಯೂ ಇಲ್ಲ, ಹಾಲು ಕುಡಿಸ್ತಿದ್ದೇನೆ, ತಗೊಳ್ಳೋ ಮಾತ್ರೆ ಇವು’ ಎಂದು ಒಂದೇ ಉಸಿರಿಗೆ ಹೇಳಿಬಿಡಿ. ಹೇಳಲು ನಾಲಿಗೆ ಏಳದಿದ್ದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ, ಓದಿಕೊಳ್ಳುತ್ತಾರೆ.